ಆನ್‌ಲೈನ್ ಆಟದಲ್ಲಿ ಹೋಸ್ಟ್‌ಗೆ ಸಿಗುವ ಲಾಭ

ಡೆಡಿಕೇಟೆಡ್ ಸರ್ವರ್‌ಗೂ ಪೀರ್-ಟು-ಪೀರ್‌ಗೂ ಏನು ವ್ಯತ್ಯಾಸ? ಹೋಸ್ಟ್ ಆದವನೇ ಯಾಕೆ ಜಾಸ್ತಿ ಗೆಲ್ತಾನೆ?

ಯಾರ ಗುಂಡು ಯಾರಿಗೆ ತಾಗಿತು ಅನ್ನೋದು ಯಾವ ಕಂಪ್ಯೂಟರಿನಲ್ಲಿ ತೀರ್ಮಾನ ಆಗುತ್ತದೆ ಅನ್ನೋದೇ ವ್ಯತ್ಯಾಸ. ಡೆಡಿಕೇಟೆಡ್ ಸರ್ವರ್ ಅಂದರೆ ಆ ಕೆಲಸಕ್ಕೇ ಇಟ್ಟ ಬೇರೆ ಕಂಪ್ಯೂಟರ್. ಪೀರ್-ಟು-ಪೀರ್‌ನಲ್ಲಿ, ಅಂದರೆ 2009ರ ಮಾಡರ್ನ್ ವಾರ್‌ಫೇರ್ 2 ಅಂಥ ಆಟಗಳಲ್ಲಿ, ಆಟಗಾರರಲ್ಲೇ ಒಬ್ಬನ ಯಂತ್ರ ಆ ಕೆಲಸ ಮಾಡುವ ಹೋಸ್ಟ್ ಆಗುತ್ತದೆ.

ನಿಮ್ಮ ಪಿಂಗ್, ಅಂದರೆ ಸಂದೇಶ ಹೋಗಿ ಬರುವ ಸಮಯ, 80 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ನೀವೂ ಹೋಸ್ಟೂ ಒಂದೇ ಕ್ಷಣಕ್ಕೆ ಸ್ನೈಪರ್ ಹಾರಿಸಿದಿರಿ. ಅವನ ಗುಂಡು ತಕ್ಷಣ ಲೆಕ್ಕಕ್ಕೆ ಬರುತ್ತದೆ. ನಿಮ್ಮದು ತಲುಪೋದು ಸುಮಾರು 40 ಮಿಲಿಸೆಕೆಂಡ್ ತಡವಾಗಿ. ಅಷ್ಟರಲ್ಲಿ ನೀವು ಸತ್ತಾಯಿತು. ಅವನು ಮೂಲೆಯಿಂದ ಇಣುಕಿದ್ದೂ ನಿಮಗೆ ಅಷ್ಟೇ ತಡವಾಗಿ ಕಾಣುತ್ತದೆ, ಅಲ್ವಾ?

ಡೆಡಿಕೇಟೆಡ್ ಸರ್ವರ್‌ಗೆ ಹತ್ತಿರ ಇರುವವರಿಗೂ ಪಿಂಗ್ ಕಮ್ಮಿಯೇ, ಆದರೆ ಪೂರ್ತಿ ಸೊನ್ನೆ ಯಾರಿಗೂ ಇರಲ್ಲ. ಒಬ್ಬ ಆಟಗಾರ ಎದ್ದು ಹೋದ ಕೂಡಲೇ ಎಲ್ಲರ ಆಟ ನಿಂತು ಹೊಸ ಹೋಸ್ಟ್ ಹುಡುಕಾಟ ಶುರುವಾದರೆ, ಅದು ಪೀರ್-ಟು-ಪೀರ್.