ಬಯಲಾಟದ ಫೋಟೊಗೆ ಬಾಡಿ ಬದಲಿಸಬೇಕಾ, ಲೆನ್ಸ್ ಸಾಕಾ?

ಪ್ರಶ್ನೆ: ಸರ್, ನನ್ನ ಹತ್ತಿರ ಕ್ಯಾನನ್ 1500ಡಿ ಮತ್ತು ಅದರ ಜೊತೆಗೇ ಬಂದ 18-55 ಲೆನ್ಸ್ ಇದೆ. ರಾತ್ರಿ ಬಯಲಾಟದ ಫೋಟೊ ಕಾಳು ಕಾಳಾಗಿ ಬರುತ್ತದೆ, ಕುಣಿತ ಮಸುಕಾಗುತ್ತದೆ. ಸ್ನೇಹಿತರೊಬ್ಬರು ತಮ್ಮ ಹಳೆಯ 6ಡಿ ಫುಲ್ ಫ್ರೇಮ್ ಬಾಡಿ ಕೊಡುತ್ತೇನೆ ಅನ್ನುತ್ತಾರೆ. ಮಂಗಳೂರಿನಲ್ಲಿ ಒಬ್ಬರ ಬಳಿ 85 ಎಫ್ 1.8 ಲೆನ್ಸ್ ಮಾರಾಟಕ್ಕಿದೆ. ಯಾವುದು ತಗೊಳ್ಳಲಿ? ಫ್ಲ್ಯಾಶ್ ಬೇಕಾ?
– ಬ್ರಹ್ಮಾವರದ ಓದುಗರು

ಉತ್ತರ: ಲೆನ್ಸ್ ತಗೊಳ್ಳಿ. ಬಾಡಿ ಈಗ ಬೇಡ.

ನಿಮ್ಮ 18-55 ಇಎಫ್-ಎಸ್ ಲೆನ್ಸ್. ಅದು 6ಡಿಗೆ ಕೂರುವುದೇ ಇಲ್ಲ. ಹಾಗಾಗಿ ಬಾಡಿ ತಗೊಂಡ ಮರುದಿನ ಲೆನ್ಸಿಗೂ ದುಡ್ಡು ಹೊಂದಿಸಬೇಕಾಗುತ್ತದೆ. 85 ಎಫ್ 1.8 ಮಾತ್ರ ಇಎಫ್ ಲೆನ್ಸ್. ಇವತ್ತು ನಿಮ್ಮ 1500ಡಿಗೆ ಹಾಕಬಹುದು, ನಾಳೆ 6ಡಿಗೂ ಹಾಕಬಹುದು.

ಬೆಳಕಿನ ಲೆಕ್ಕ ನೋಡಿ. 55ಕ್ಕೆ ಜೂಮ್ ಮಾಡಿದಾಗ ನಿಮ್ಮ ಲೆನ್ಸ್ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ರಂಗಸ್ಥಳದ ಬೆಳಕಿನಲ್ಲಿ ನಿಮಗೆ ಐಎಸ್‌ಒ 6400, ಶಟರ್ 1/60 ಸಿಗುತ್ತಿದೆ ಅಂದುಕೊಳ್ಳೋಣ. ಧೀಂಗಿಣ ಹಾಕುವ ವೇಷ 1/60ರಲ್ಲಿ ನಿಲ್ಲುವುದಿಲ್ಲ. ಹೊಸ ಲೆನ್ಸನ್ನು ಎಫ್ 2ಕ್ಕೆ ಇಟ್ಟರೆ ಎಂಟು ಪಟ್ಟು ಬೆಳಕು ಬರುತ್ತದೆ. ನಾಲ್ಕು ಪಟ್ಟನ್ನು ಶಟರಿಗೆ ಕೊಟ್ಟರೆ 1/250 ಆಯಿತು. ಉಳಿದ ಎರಡು ಪಟ್ಟನ್ನು ಐಎಸ್‌ಒಗೆ ಕೊಟ್ಟರೆ 3200ಕ್ಕೆ ಇಳಿಯಿತು. ಕುಣಿತವೂ ನಿಂತಿತು, ಕಾಳೂ ಕಮ್ಮಿಯಾಯಿತು. ಬರೀ ಬಾಡಿ ಬದಲಿಸಿದರೆ ಇಷ್ಟು ಲಾಭ ಸಿಗುವುದಿಲ್ಲ.

ಆದರೆ ದುಡ್ಡು ಕೊಡುವ ಮೊದಲು ಕಳೆದ ತಿರುಗಾಟದ ನಿಮ್ಮ ಒಳ್ಳೆಯ ಫೋಟೊಗಳನ್ನು ತೆರೆದು, ಪ್ರತಿಯೊಂದನ್ನೂ ಎಷ್ಟು ಜೂಮಿನಲ್ಲಿ ತೆಗೆದದ್ದು ಅಂತ ನೋಡಿ. ಜಾಸ್ತಿ 55ರಲ್ಲಿದ್ದರೆ 85 ಸರಿ. 25 ಅಡಿ ದೂರದಿಂದ ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಅದರಲ್ಲಿ ಆರೂವರೆ ಅಡಿ ಎತ್ತರ ಹಿಡಿಯುತ್ತದೆ. ಕಿರೀಟ, ಕಾಲು ಎರಡೂ ಸೇರಬೇಕೆಂದರೆ ಇನ್ನೂ ಹಿಂದೆ ಸರಿಯಬೇಕು. ಮುಂದಿನ ಸಾಲಿನಲ್ಲೇ ಕೂರುವವರಾದರೆ 50 ಎಫ್ 1.8 ಸಾಕು, ಅದರ ಬೆಲೆಯೂ ಕಮ್ಮಿ. ಇನ್ನೊಂದು ಮಾತು: 85ರಲ್ಲಿ ಎಫ್ 2ಕ್ಕೆ ಅಷ್ಟು ದೂರದಿಂದ ಎರಡಡಿಯಷ್ಟು ಆಳ ಮಾತ್ರ ಚೊಕ್ಕವಾಗಿ ಬರುತ್ತದೆ. ಒಂದು ವೇಷಕ್ಕೆ ಅಷ್ಟು ಸಾಕು. ಹಿಂದೆಮುಂದೆ ನಿಂತ ಎರಡು ವೇಷಗಳಲ್ಲಿ ಒಂದು ಮಸುಕಾಗುತ್ತದೆ.

ಫ್ಲ್ಯಾಶ್ ಬೇಡವೇ ಬೇಡ. ಕಲಾವಿದರ ಕಣ್ಣಿಗೆ ಹೊಡೆಯುತ್ತದೆ, ಬಣ್ಣದ ಅಂದವೂ ಹಾಳು.

ಇನ್ನು ಹಳೆಯ ಲೆನ್ಸ್ ನೋಡಿ ತಗೊಳ್ಳುವ ವಿಚಾರ. ನಮ್ಮ ಕರಾವಳಿಯಲ್ಲಿ ದೊಡ್ಡ ಶತ್ರು ಬೂಷ್ಟು, ಕ್ಯಾಮೆರಾದವರ ಮಾತಿನಲ್ಲಿ ಫಂಗಸ್. ಪತ್ತನಾಜೆಗೆ ಬ್ಯಾಗಿನಲ್ಲಿಟ್ಟ ಲೆನ್ಸನ್ನು ದೀಪಾವಳಿಗೇ ಹೊರತೆಗೆಯುವವರು ಬಹಳ. ನಡುವಿನ ಮಳೆಗಾಲ ಪೂರ್ತಿ ಅದು ತೇವದಲ್ಲೇ ಇರುತ್ತದೆ. ನಾನೂ ಒಮ್ಮೆ ಹೀಗೆ ಮೋಸ ಹೋಗಿದ್ದೇನೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಗಾಜು ಫಳಫಳ ಹೊಳೆಯುತ್ತಿತ್ತು. ಆಟದ ರಾತ್ರಿ ಎದುರಿನ ದೀಪ ಬಿದ್ದಾಗ ಫೋಟೊಗಳೆಲ್ಲ ಹಾಲು ಚೆಲ್ಲಿದ ಹಾಗೆ ಬಂದವು.

ಅದಕ್ಕೇ ಹಗಲು ಹೊತ್ತು ಹೋಗಿ, ಆದರೆ ಲೆನ್ಸನ್ನು ಕತ್ತಲೆ ಮೂಲೆಗೆ ಒಯ್ದು ನೋಡಿ. ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು, ಇನ್ನೊಂದು ಕಡೆಯಿಂದ ನೋಡಿ. ಆಮೇಲೆ ತಿರುಗಿಸಿ ನೋಡಿ. ಚುಕ್ಕಿ ಚುಕ್ಕಿ ಕಂಡರೆ ಧೂಳು, ಚಿಂತೆ ಇಲ್ಲ. ಜೇಡರ ಬಲೆಯಂತೆ, ಬೇರಿನಂತೆ ಕವಲೊಡೆದ ಗೆರೆ ಕಂಡರೆ ಬಿಟ್ಟು ಬನ್ನಿ. ತೆಳು ಮಂಜಿನಂಥ ಪದರ ಕಂಡರೂ ಬೇಡ. "ಕ್ಲೀನ್ ಮಾಡಿಸಿದರೆ ಹೋಗುತ್ತದೆ" ಅನ್ನುತ್ತಾರೆ. ಬೂಷ್ಟು ಹೋಗಬಹುದು, ಆದರೆ ಅದು ಗಾಜಿನ ಲೇಪ ತಿಂದಿದ್ದರೆ ಆ ಗುರುತು ಹೋಗುವುದಿಲ್ಲ.

ಬಳಿಕ ನಿಮ್ಮ ಬಾಡಿಗೇ ಹಾಕಿ ನೋಡಿ. ಮೇಜಿನ ಮೇಲೆ ಪೇಪರ್ ಹರಡಿ, ಓರೆಯಿಂದ ಒಂದೇ ಸಾಲಿಗೆ ಫೋಕಸ್ ಮಾಡಿ ಎಫ್ 1.8ರಲ್ಲಿ ಹತ್ತು ಫೋಟೊ ತೆಗೆಯಿರಿ. ಪ್ರತಿ ಸಲವೂ ಆ ಸಾಲಿನ ಹಿಂದಿನದ್ದೋ ಮುಂದಿನದ್ದೋ ಚೊಕ್ಕ ಬಂದರೆ ಫೋಕಸ್ ತಪ್ಪಿದೆ. ಅದನ್ನು ತಿದ್ದಿಕೊಳ್ಳುವ ಸೆಟ್ಟಿಂಗ್ 1500ಡಿಯಲ್ಲಿ ಇಲ್ಲ. ಹಿಂಬದಿಯ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಚಿನ್ನದ ಬಣ್ಣದ ಸಂಪರ್ಕ ಬಿಂದುಗಳಲ್ಲಿ ಹಸಿರು ಕಿಲುಬು ಇದ್ದರೆ ಉಪ್ಪುಗಾಳಿ ಒಳಗೂ ಹೋಗಿರಬಹುದು. ಬಿಲ್ಲಿನಲ್ಲಿರುವ ನಂಬರೂ ಲೆನ್ಸಿನ ಮೇಲಿನ ನಂಬರೂ ಒಂದೇ ಇರಬೇಕು.

ಬೆಲೆಗೆ ನನ್ನ ಲೆಕ್ಕ ಇದು: ವಾರಂಟಿ ಮುಗಿದ ಲೆನ್ಸಿಗೆ, ಹೊಸದರ ಇವತ್ತಿನ ಬೆಲೆಯ ಶೇ 60ಕ್ಕಿಂತ ಜಾಸ್ತಿ ಕೊಡುವುದಿಲ್ಲ. ಉಳಿದ ದುಡ್ಡಿನಲ್ಲಿ ಗಾಳಿ ಆಡದ ಒಂದು ಡಬ್ಬ, ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಸಣ್ಣ ಮೀಟರ್ ತಗೊಳ್ಳಿ. ಮೀಟರ್ 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಜೆಲ್ ಬಿಸಿ ಮಾಡಿ ಒಣಗಿಸಿ, ಆರಿದ ಮೇಲೆ ಮತ್ತೆ ಡಬ್ಬಕ್ಕೆ ಹಾಕಿ.