ಅಪ್ಪನ ಹೆಸರಿನ ಬಾಡಿಗೆ ಅಂಗಡಿ: ಮಗನಿಗೆ ಏನು ಹಕ್ಕು?

"ಬಳ್ಳಾರಿಯಲ್ಲಿ ಅಪ್ಪನ ಬಟ್ಟೆ ಅಂಗಡಿ, 10×20 ಅಡಿ, ತಿಂಗಳ ಬಾಡಿಗೆ. ಅಪ್ಪ ತೀರಿಕೊಂಡರು. ಮಾಲೀಕರು ಕರಾರು ಮುಗಿಯಿತು, ಖಾಲಿ ಮಾಡಿ ಅಂತಾರೆ. ಅರ್ಧ ಭಾಗ ಟೈಲರ್‌ಗೆ ಕೊಡಬಹುದಾ?"

ಅಪ್ಪ ತೀರಿಕೊಂಡ ಮಾತ್ರಕ್ಕೆ ಬಾಡಿಗೆ ಮುಗಿಯುವುದಿಲ್ಲ ತಮ್ಮಾ. ನಿಮ್ಮದು 200 ಚದರಡಿ. 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಮೀರಿದ ಅಂಗಡಿಗೆ ಕರ್ನಾಟಕ ಬಾಡಿಗೆ ಕಾಯ್ದೆ 1999 ಅನ್ವಯಿಸುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆ ನೋಡಬೇಕು. ಅದರ ಪ್ರಕಾರ ಬಾಡಿಗೆ ಹಕ್ಕು ತಾಯಿ, ನೀವು, ಅಕ್ಕ-ತಂಗಿಯರು ಹೀಗೆ ವಾರಸುದಾರರೆಲ್ಲರಿಗೂ ಜಂಟಿಯಾಗಿ ಬರುತ್ತದೆ. ಆದರೆ ಅಪ್ಪನಿಗೆ ಇದ್ದಷ್ಟೇ ಹಕ್ಕು. ತಿಂಗಳ ಬಾಡಿಗೆಯಾದರೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದಾಗ, 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಮಾಲೀಕರು ಅದನ್ನು ಮುಗಿಸಬಹುದು. ಆಮೇಲೂ ನೀವು ಬಿಡದಿದ್ದರೆ ಅವರು ಕೋರ್ಟಿಗೇ ಹೋಗಬೇಕು, ತಾವೇ ಬೀಗ ಜಡಿಯುವಂತಿಲ್ಲ. ಬಾಡಿಗೆ ಮಾತ್ರ ನಿಲ್ಲಿಸಬೇಡಿ, ಬ್ಯಾಂಕ್ ಮೂಲಕವೇ ಕಟ್ಟಿ.

ಅಂಗಡಿ 150 ಚದರಡಿಯೊಳಗಿದ್ದು ಬಾಡಿಗೆ ಕಾಯ್ದೆ ಅನ್ವಯಿಸಿದ್ದರೆ ಲೆಕ್ಕ ಬೇರೆ: ಹಕ್ಕು 5 ವರ್ಷ ಮಾತ್ರ, ಅದೂ ಅಪ್ಪನ ಜೊತೆ ಅಲ್ಲೇ ವ್ಯಾಪಾರ ಮಾಡುತ್ತಾ ಅವರನ್ನೇ ಅವಲಂಬಿಸಿದ್ದವರಿಗೆ. ಲಿಖಿತ ಒಪ್ಪಿಗೆಯಿಲ್ಲದ ಒಳಬಾಡಿಗೆಯೇ ಅಲ್ಲಿ ತೆರವಿಗೆ ಕಾರಣ.

ಟೈಲರ್ ವಿಷಯಕ್ಕೆ ಮೊದಲು ಕರಾರು ಪತ್ರ ತೆಗೆದು ಓದಿ. ನಿಷೇಧವಿಲ್ಲದಿದ್ದರೆ ನಿಮಗೆ ಅನ್ವಯಿಸುವ ಸ್ವತ್ತು ವರ್ಗಾವಣೆ ಕಾಯ್ದೆ ಒಳಬಾಡಿಗೆಗೆ ಅಡ್ಡಿ ಮಾಡುವುದಿಲ್ಲ. "ಒಳಬಾಡಿಗೆ ಕೊಟ್ಟರೆ ಮಾಲೀಕರು ವಾಪಸ್ ಪಡೆಯಬಹುದು" ಎಂದಿದ್ದರೆ ಅದೊಂದೇ ಕಾರಣಕ್ಕೆ ಅಂಗಡಿ ಕೈತಪ್ಪಬಹುದು. ಕೋರ್ಟ್ ಮುಖ್ಯವಾಗಿ ನೋಡುವುದು ಸ್ವಾಧೀನ ಯಾರದು ಅಂತ. ಶಟರ್ ಕೀಲಿ ನಿಮ್ಮ ಹತ್ತಿರವೇ ಇದ್ದು, ಟೈಲರ್ ನಿಮ್ಮ ಗಿರಾಕಿಗಳಿಗೆ ಹೊಲಿದರೆ ಅದು ಒಳಬಾಡಿಗೆ ಅಲ್ಲ. ನಡುವೆ ಪಾರ್ಟಿಷನ್ ಹಾಕಿ, ಅವರಿಗೆ ಪ್ರತ್ಯೇಕ ಬೀಗ ಕೊಟ್ಟು, ತಿಂಗಳಿಗಿಷ್ಟು ಅಂತ ಹಣ ಪಡೆದರೆ ಒಳಬಾಡಿಗೆಯೇ. ನನ್ನ ಮಾತು ಕೇಳಿದರೆ, ಮಾಲೀಕರ ಒಪ್ಪಿಗೆ ಬರಹದಲ್ಲಿ ಸಿಗುವವರೆಗೆ ಪಾರ್ಟಿಷನ್ ಹಾಕಿಸಬೇಡಿ.