ಜನಗಣತಿಗೂ ಸರ್ವೆಗೂ ಅಂಗವಿಕಲರ ಲೆಕ್ಕ ಯಾಕೆ ತಾಳೆಯಾಗುವುದಿಲ್ಲ?

ಪ್ರಶ್ನೆ: 2001ರ ಜನಗಣತಿಯಲ್ಲಿ ಕಣ್ಣಿನ ತೊಂದರೆ ಇರುವವರು 1.06 ಕೋಟಿ. 2002ರ ರಾಷ್ಟ್ರೀಯ ಸ್ಯಾಂಪಲ್ ಸರ್ವೆಯಲ್ಲಿ ಸುಮಾರು 28 ಲಕ್ಷ. ಯಾವುದು ಸುಳ್ಳು?

ಉತ್ತರ: ಎರಡೂ ಸುಳ್ಳಲ್ಲ. ಅಳೆದ ಸೇರು ಬೇರೆ ಬೇರೆ, ಅಷ್ಟೇ.

ಆ ಜನಗಣತಿಯಲ್ಲಿ ಒಂದೇ ಕಣ್ಣು ಕಾಣುವವರನ್ನೂ ಅಂಗವಿಕಲರೆಂದೇ ಬರೆದುಕೊಂಡರು. ಸರ್ವೆಯಲ್ಲಿ ಹಾಗಲ್ಲ. ಕನ್ನಡಕ ಇದ್ದರೆ ಹಾಕಿಕೊಂಡು, ಎರಡೂ ಕಣ್ಣು ತೆರೆದು, ಒಳ್ಳೇ ಬೆಳಕಿನಲ್ಲಿ ಮೂರು ಮೀಟರ್ ದೂರದ ಬೆರಳು ಎಣಿಸಲು ಬಂದರೆ ಅವರು ಪಟ್ಟಿಗೆ ಬರುವುದಿಲ್ಲ. ಒಂದು ಕಣ್ಣು ಹೋದವರು ಸಲೀಸಾಗಿ ಎಣಿಸುತ್ತಾರೆ, ಅಲ್ವಾ? ಅಲ್ಲಿಗೆ ಸಂಖ್ಯೆ ಇಳಿಯಿತು. 2011ರ ಜನಗಣತಿಯಲ್ಲಿ ಒಂದು ಕಣ್ಣಿನ ಈ ನಿಯಮ ಬಿಟ್ಟರು.

ಇನ್ನೊಂದು ಗುಟ್ಟು ಜನಗಣತಿಯ ಫಾರಂನಲ್ಲಿದೆ. 2001ರಲ್ಲಿ ಒಬ್ಬರಿಗೆ ಒಂದೇ ವೈಕಲ್ಯದ ಕೋಡ್. ಕಾಲೂ ಇಲ್ಲ, ಕಿವಿಯೂ ಇಲ್ಲ ಅಂದರೆ ಯಾವುದೋ ಒಂದು ಮಾತ್ರ ದಾಖಲು. ಸರ್ವೆಯಲ್ಲಿ ಎರಡೂ ಬರುತ್ತವೆ.

ನಾನು ಬೇಲೂರು ಕಡೆ 2011ರಲ್ಲಿ ಎಣಿಕೆಗೆ ಹೋಗಿದ್ದೆ. ಫೆಬ್ರವರಿ, ಕಣದಲ್ಲಿ ಕಾಫಿ ಒಣಗುವ ಕಾಲ. ಒಂದು ಮನೆಯಲ್ಲಿ ಅಂಗವಿಕಲರು ಇದ್ದಾರಾ ಎಂದು ಸೊಸೆಯನ್ನು ಕೇಳಿದೆ. "ಅಂಥೋರು ಯಾರೂ ಇಲ್ಲ ಸಾರ್" ಎಂದರು. ಪಕ್ಕದಲ್ಲೇ ಅಜ್ಜಿ ಗೋಡೆ ತಡವುತ್ತಾ ಬಂದರು. "ಅದು ವಯಸ್ಸಾಗಿರೋದು" ಅಂತ ಸೊಸೆ ನಕ್ಕರು. ನಮಗೆ ಮನೆಗೆ ಹತ್ತಾರು ಪ್ರಶ್ನೆ, ಇದು ಅದರಲ್ಲೊಂದು. ಕೆದಕಿ ಕೇಳದಿದ್ದರೆ ಅಜ್ಜಿ ತಪ್ಪಿಹೋಗುತ್ತಿದ್ದರು. ಅಂಗವೈಕಲ್ಯಕ್ಕೆಂದೇ ಬರುವ ಸರ್ವೆಯವರಿಗೆ ಕೂತು ಕೇಳಲು ಪುರುಸೊತ್ತು ಜಾಸ್ತಿ.

ಆದರೆ ಸರ್ವೆ ಮುಟ್ಟುವುದು ಆಯ್ದ ಕೆಲವೇ ಮನೆ. ಹಾಸನದಂಥ ಒಂದು ಜಿಲ್ಲೆಯಲ್ಲಿ ಎಷ್ಟು ಮಂದಿ ಎಂದು ತಿಳಿಯಲು ಜನಗಣತಿಯನ್ನೇ ನೋಡಬೇಕು.